ವೈವಾಗೆ ಮುಂಚೆ ನಿಮ್ಮನ್ನು ನೀವೇ ಹೆಸರು ಹಿಡಿದು ಮಾತಾಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ ಹತ್ತಿರ ಬಂದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಓದಿದ್ದಾರೆ, ಪ್ರಾಜೆಕ್ಟ್ ಮಾಡಿದ್ದಾರೆ, ಪಿಪಿಟಿ ತಯಾರಿದೆ. ಆದರೂ ಹೊರಗಿನ ಪರೀಕ್ಷಕರು ಕೂತ ಕೋಣೆಯ ಬಾಗಿಲ ಮುಂದೆ ನಿಂತಾಗ ಎಲ್ಲಾ ಮರೆತುಹೋಗುತ್ತದೆ ಅನ್ನೋದೇ ಎಲ್ಲರ ಗೋಳು. ಆ ಬಾಗಿಲ ಹೊರಗಿನ ಕೆಲವು ನಿಮಿಷಗಳಲ್ಲಿ ಏನು ಮಾಡಬೇಕು ಎಂಬುದರ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಕೆಲಸದ ಇಂಟರ್‌ವ್ಯೂ, ಸೆಮಿನಾರ್, ವೇದಿಕೆ ಮೇಲಿನ ಭಾಷಣಕ್ಕೂ ಇದೇ ನಡೆಯುತ್ತದೆ.

ಹೆಸರು ಹಿಡಿದು ಮಾತಾಡಿಸೋದು ಅಂದ್ರೆ ಏನು?

ನಾವೆಲ್ಲ ಮನಸ್ಸಿನಲ್ಲಿ ಮಾತಾಡಿಕೊಳ್ಳುತ್ತೇವೆ. ಹೆದರಿದಾಗ ಆ ಮಾತು "ನಾನು", "ನನಗೆ" ಅಂತಲೇ ಬರುತ್ತದೆ. "ನನಗ ಯಾಕ ಇಷ್ಟು ಅಂಜಿಕಿ? ನಂಗ ಏನೂ ನೆನಪಿಲ್ಲ, ನಾ ಏನ್ ಹೇಳ್ಲಿ?" ಅಂತ.

ಈ ವಿಧಾನದಲ್ಲಿ ಅದೇ ಮಾತನ್ನು ನಿಮ್ಮ ಹೆಸರಿನಿಂದ ಶುರು ಮಾಡುತ್ತೀರಿ. "ಸವಿತಾಗ ಈಗ ಯಾಕ ಅಂಜಿಕಿ ಬಂದೈತಿ?" ಅಥವಾ "ಸವಿತಾ, ನೀ ಯಾಕ ಅಂಜಾಕತ್ತಿ?" ಬದಲಾಗೋದು ಇಷ್ಟೇ. ಹೆದರಿಕೆ ಇಲ್ಲ ಅಂತ ಸುಳ್ಳು ಹೇಳಿಕೊಳ್ಳುವುದಿಲ್ಲ, "ನಾನು ಸಿಂಹ" ಅಂತ ಹುರಿದುಂಬಿಸಿಕೊಳ್ಳುವುದೂ ಇಲ್ಲ. ಹೆದರಿಕೆ ಇದೆ ಅಂತ ಒಪ್ಪಿಕೊಂಡೇ, ಅದು ಬೇರೆ ಒಬ್ಬರಿಗೆ ಬಂದಿದೆ ಅನ್ನುವ ಹಾಗೆ ಕಾರಣ ವಿಚಾರಿಸುತ್ತೀರಿ.

ಇದು ನಿಜವಾಗಿ ಕೆಲಸ ಮಾಡುತ್ತಾ, ಸುಮ್ನೆ ಸಮಾಧಾನಕ್ಕಾ?

ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಜೊತೆಗಾರರು 2014ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ 7 ಅಧ್ಯಯನಗಳಿವೆ. ನಮ್ಮ ವೈವಾಗೆ ತೀರಾ ಹತ್ತಿರ ಇರುವುದು ಒಂದು ಭಾಷಣದ ಪ್ರಯೋಗ.

ಅಲ್ಲಿ ಬಂದವರಿಗೆ ದಿಢೀರ್ ಅಂತ ಹೇಳಿದರು: ನಿಮ್ಮ ಕನಸಿನ ಕೆಲಸಕ್ಕೆ ನೀವೇ ಯಾಕೆ ಸರಿಯಾದವರು ಅಂತ ಪರಿಣತರ ಮುಂದೆ ಭಾಷಣ ಮಾಡಬೇಕು, ತಯಾರಿಗೆ ಐದು ನಿಮಿಷ, ಚೀಟಿ ನೋಡುವಂತಿಲ್ಲ. ಆಮೇಲೆ ಅರ್ಧ ಜನರಿಗೆ ತಮ್ಮ ಆತಂಕದ ಕಾರಣವನ್ನು "ನಾನು" ಎಂದು ಬಳಸಿ ಯೋಚಿಸಲು ಹೇಳಿದರು. ಉಳಿದವರಿಗೆ ತಮ್ಮ ಹೆಸರು, "ನೀನು", "ಅವನು", "ಅವಳು" ಬಳಸಿ ಯೋಚಿಸಲು ಹೇಳಿದರು. ಹೆಸರು ಬಳಸಿದವರ ಭಾಷಣಕ್ಕೆ, ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ತೀರ್ಪುಗಾರರು ಜಾಸ್ತಿ ಅಂಕ ಕೊಟ್ಟರು. ಭಾಷಣ ಮುಗಿದ ಮೇಲೆ ಅವರಿಗೆ ನಾಚಿಕೆ, ಅವಮಾನದ ಭಾವನೆ ಕಡಿಮೆ ಇತ್ತು. ನಡೆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕಿ ಕೊರಗುವುದೂ ಕಡಿಮೆ ಇತ್ತು.

ನಾಲ್ಕು ಜನರ ಮುಂದೆ ಮಾತಾಡಲು ಜಾಸ್ತಿ ಅಂಜುವ ಸ್ವಭಾವದವರಿಗೂ ಇದು ಉಪಯೋಗಕ್ಕೆ ಬಂದಿತು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಧೈರ್ಯಸ್ಥರಿಗೆ ಇನ್ನೊಂದಿಷ್ಟು ಧೈರ್ಯ ಕೊಡುವ ಉಪಾಯಗಳು ಬೇಕಾದಷ್ಟಿವೆ. ಅಂಜುವವರಿಗೆ ಬೇಕಾದದ್ದು ಇಂಥದ್ದು.

ಹಾಗಂತ ಮಂತ್ರ ಹಾಕಿದ ಹಾಗೆ ಭಯ ಹಾರಿಹೋಗುತ್ತೆ ಅಂದುಕೊಳ್ಳಬೇಡಿ. ಭಯ ಸ್ವಲ್ಪ ಇಳಿಯುತ್ತದೆ. ಆ ಸ್ವಲ್ಪದಲ್ಲಿ ತಲೆ ಮತ್ತೆ ಕೆಲಸ ಶುರು ಮಾಡುತ್ತದೆ.

ಬರೀ ಹೆಸರು ಹೇಳಿದ್ರೆ ಏನು ಬದಲಾಗುತ್ತೆ?

ಗೆಳತಿ ವೈವಾಗೆ ಹೆದರಿ ಅಳುತ್ತಾ ಕೂತಿದ್ದಾಳೆ ಅಂದುಕೊಳ್ಳಿ. ನೀವು ಪಕ್ಕದಲ್ಲಿ ಕೂತು ಎಷ್ಟು ಚೆನ್ನಾಗಿ ಹೇಳುತ್ತೀರಿ! "ಇಷ್ಟು ಗೊತ್ತೈತಿ ನಿನಗ, ಅದನ್ನ ಮೊದಲು ಹೇಳು, ಗೊತ್ತಿಲ್ಲದ್ದು ಕೇಳಿದ್ರ ಗೊತ್ತಿಲ್ಲ ಅನ್ನು." ಅದೇ ಬುದ್ಧಿ ನಮ್ಮ ಸರದಿ ಬಂದಾಗ ಎಲ್ಲಿ ಹೋಗುತ್ತದೋ. ಈಗೋರ್ ಗ್ರಾಸ್‌ಮನ್ ಮತ್ತು ಕ್ರಾಸ್ 2014ರಲ್ಲಿ ಇದನ್ನೇ ತೋರಿಸಿದರು. ಜನ ಬೇರೆಯವರ ಸಮಸ್ಯೆಯ ಬಗ್ಗೆ ವಿವೇಕದಿಂದ ಯೋಚಿಸುತ್ತಾರೆ, ತಮ್ಮದೇ ಆದಾಗ ಎಡವುತ್ತಾರೆ. ಆದರೆ ತಮ್ಮ ಸಮಸ್ಯೆಯನ್ನು ಮೂರನೆಯವರ ಕಡೆಯಿಂದ ನೋಡಿದಾಗ ಆ ವ್ಯತ್ಯಾಸ ಹೋಗಿಬಿಡುತ್ತದೆ.

ಹೆಸರು ಅನ್ನೋದು ನಾವು ಹುಟ್ಟಿದಾಗಿನಿಂದ ಬೇರೆಯವರನ್ನು ಕರೆಯಲು ಬಳಸಿದ ಮಾತು. ಅದನ್ನು ನಮಗೇ ಹಾಕಿಕೊಂಡ ತಕ್ಷಣ ಮನಸ್ಸು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಅದಕ್ಕೆ ಹೆಚ್ಚು ಶ್ರಮವೂ ಬೇಕಿಲ್ಲ. ಜೇಸನ್ ಮೋಸರ್ ಮತ್ತು ಕ್ರಾಸ್ 2017ರಲ್ಲಿ ಮೆದುಳಿನ ಚಟುವಟಿಕೆ ಅಳೆದು ನೋಡಿದರು. ಮನ ಕಲಕುವ ಚಿತ್ರ ನೋಡುವಾಗ ತಮ್ಮ ಹೆಸರಿನಿಂದ ಯೋಚಿಸಿದವರಲ್ಲಿ ಭಾವನೆಯ ಏರಿಕೆ ಒಂದು ಸೆಕೆಂಡಿನೊಳಗೇ ಇಳಿಯಿತು. ಆದರೆ ಮನಸ್ಸನ್ನು ಬಿಗಿಹಿಡಿಯುವಾಗ ದುಡಿಯುವ ಭಾಗಗಳು ಹೆಚ್ಚು ದುಡಿದ ಗುರುತು ಕಾಣಲಿಲ್ಲ.

ಭಯವನ್ನು ಅದುಮಲು ಹೋದರೆ ಅದಕ್ಕೇ ಅರ್ಧ ತಲೆ ಖರ್ಚಾಗುತ್ತದೆ. ವೈವಾ ಬಾಗಿಲಲ್ಲಿ ಅಷ್ಟು ಖರ್ಚು ಮಾಡಲು ನಿಮ್ಮ ಹತ್ತಿರ ಇರುವುದಿಲ್ಲ. ಈ ವಿಧಾನ ಅಲ್ಲೇ ಅನುಕೂಲಕ್ಕೆ ಬರುತ್ತದೆ.

ಒಂದು ಉದಾಹರಣೆ ಪೂರ್ತಿ ತೋರಿಸ್ತೀರಾ?

ಖಂಡಿತ. ವಿಜಯಪುರದ ಒಬ್ಬ ಹುಡುಗಿ, ಸವಿತಾ ಅಂತ ಇಟ್ಟುಕೊಳ್ಳೋಣ. ಪ್ರಾಜೆಕ್ಟ್ ಇದು: ಒಣದ್ರಾಕ್ಷಿ ಮಾಡುವ ಶೆಡ್‌ನಲ್ಲಿ ಸೆನ್ಸರ್ ಕೂಡಿಸಿ, ಗಾಳಿಯ ತೇವ ಮತ್ತು ಬಿಸಿ ಅಳೆದು, ತೇವ ಜಾಸ್ತಿಯಾದರೆ ರೈತನ ಮೊಬೈಲಿಗೆ ಮೆಸೇಜ್ ಕಳಿಸುವುದು. ಮೂವರ ಗುಂಪು. ಸೆನ್ಸರ್ ಆರಿಸಿದ್ದು, ಶೆಡ್‌ಗೆ ಹೋಗಿ ಕೂಡಿಸಿದ್ದು, ಅಳತೆ ಬರೆದುಕೊಂಡದ್ದು ಸವಿತಾ. ಕೋಡ್ ಬರೆದದ್ದು ಗೆಳತಿ.

ವೈವಾ ದಿನ ಅವರ ಮುಂದೆ ಇನ್ನೊಂದು ಗುಂಪು ಇದೆ. ಹದಿನೈದು ಇಪ್ಪತ್ತು ನಿಮಿಷ ಸಿಗಬಹುದು. ಸವಿತಾಳ ಕೈ ತಣ್ಣಗಾಗಿದೆ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ: "ನನಗೇನೂ ಬರಲ್ಲ, ಎಲ್ಲರ ಮುಂದ ಮರ್ಯಾದಿ ಹೋಗ್ತೈತಿ."

ಮೊದಲು ಅವಳು ಗುಂಪಿನಿಂದ ನಾಲ್ಕು ಹೆಜ್ಜೆ ದೂರ ಹೋಗಬೇಕು. "ಅವ್ರಿಗೆ ಅದನ್ನ ಕೇಳಿದ್ರಂತ, ಇದನ್ನ ಕೇಳಿದ್ರಂತ" ಅನ್ನುವ ಮಾತು ಕಿವಿಗೆ ಬೀಳುತ್ತಿದ್ದರೆ ಇದು ಆಗುವುದಿಲ್ಲ. ಕಾರಿಡಾರಿನ ಕೊನೆ, ಮೆಟ್ಟಿಲು, ನೀರಿನ ಫಿಲ್ಟರ್ ಪಕ್ಕ, ಎಲ್ಲಿಯಾದರೂ ಸರಿ. ಮೂರು ನಿಮಿಷ ಸಾಕು.

ಆಮೇಲೆ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾಳೆ: "ಸವಿತಾಗ ಯಾಕ ಅಂಜಿಕಿ ಬಂದೈತಿ?"

ಮೊದಲ ಉತ್ತರ ಯಾವಾಗಲೂ ದೊಡ್ಡದಾಗಿ, ಮಸುಕಾಗಿ ಬರುತ್ತದೆ. "ಆಕಿಗೆ ಏನೂ ಬರಲ್ಲ." ಅಲ್ಲಿಗೆ ಬಿಡಬಾರದು, ಮತ್ತೆ ಕೇಳಬೇಕು. "ಏನೂ ಬರಲ್ಲ ಅಂದ್ರ? ಆಕಿಗೆ ಯಾವುದು ಬರಲ್ಲ?" ಈಗ ಉತ್ತರ ಸಣ್ಣದಾಗುತ್ತದೆ. "ಕೋಡ್ ಗೆಳತಿ ಬರದಾಳ. ಪರೀಕ್ಷಕರು ಕೋಡ್ ತೆರೆದು ಈ ಸಾಲು ಏನ್ ಮಾಡತೈತಿ ಅಂದ್ರ ಸವಿತಾಗ ಹೇಳಾಕ ಬರಲ್ಲ. ಅದಕ್ಕ ಅಂಜ್ಯಾಳ."

ಇಲ್ಲಿ ಏನಾಯಿತು ನೋಡಿ. "ಏನೂ ಬರಲ್ಲ" ಅನ್ನೋದು "ಕೋಡ್‌ನ ಕೆಲವು ಸಾಲು ಬರಲ್ಲ" ಅಂತ ಆಯಿತು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಇದೆ.

ಮುಂದಿನ ಪ್ರಶ್ನೆ: "ಸವಿತಾಗ ಯಾವುದು ಗೊತ್ತೈತಿ?" ಹೊಗಳಿಕೊಳ್ಳುವುದಲ್ಲ, ನಡೆದದ್ದನ್ನು ಹೇಳುವುದು. "ಸೆನ್ಸರ್ ಆಕೀನ ಆರಿಸ್ಯಾಳ. ಡಿಎಚ್‌ಟಿ 11 ಯಾಕ ಬ್ಯಾಡ, ಡಿಎಚ್‌ಟಿ 22 ಯಾಕ ಬೇಕು ಅಂತ ಆಕಿಗೆ ಗೊತ್ತೈತಿ. ಹನ್ನೊಂದರ ಅಳತಿ 50 ಡಿಗ್ರಿಗೆ ನಿಲ್ತೈತಿ, ತೇವ ತೋರಿಸೋದ್ರಾಗೂ ತಪ್ಪು ಜಾಸ್ತಿ. ಬ್ಯಾಸಗಿ ಶೆಡ್‌ನಾಗ ಕೂಡಿಸೋದಕ್ಕ ಇಪ್ಪತ್ತೆರಡೇ ಸರಿ. ಶೆಡ್‌ನಾಗ ಯಾವ ಎತ್ತರಕ್ಕ ಕಟ್ಟಿದ್ಲು, ಯಾಕ ಕಟ್ಟಿದ್ಲು ಅದೂ ಗೊತ್ತೈತಿ."

ಕೊನೆಯ ಪ್ರಶ್ನೆಯಲ್ಲಿ "ಆಕಿ" ಬಿಟ್ಟು "ನೀನು" ಅನ್ನಬೇಕು, ಯಾಕೆಂದರೆ ಈಗ ಕೆಲಸ ಹೇಳುವ ಹೊತ್ತು: "ಸವಿತಾ, ಕೋಡ್ ಕೇಳಿದ್ರ ನೀ ಏನ್ ಹೇಳ್ತಿ?" ಉತ್ತರ: "ಸರ್, ಈ ಭಾಗ ನಮ್ಮ ಗುಂಪಿನ ಇನ್ನೊಬ್ಬರು ಮಾಡಿದ್ದು. ಒಟ್ಟಾರೆ ಇದು ಸೆನ್ಸರ್‌ನಿಂದ ಅಳತೆ ಓದಿ, ಮಿತಿ ದಾಟಿದ್ರೆ ಮೆಸೇಜ್ ಕಳಿಸುತ್ತೆ. ಸಾಲು ಸಾಲಾಗಿ ಅವರು ವಿವರಿಸ್ತಾರೆ." ಈ ವಾಕ್ಯವನ್ನು ಅವಳು ಅಲ್ಲೇ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾಳೆ. ಉಳಿದ ನಿಮಿಷಗಳಲ್ಲಿ ಗೆಳತಿಯನ್ನು ಕರೆದು ಮಿತಿ ಹಾಕಿದ ಸಾಲು ಎಲ್ಲಿದೆ ಅಂತ ತೋರಿಸಿಕೊಳ್ಳುತ್ತಾಳೆ.

ಒಟ್ಟಿನಲ್ಲಿ ನಾಲ್ಕು ಪ್ರಶ್ನೆ. ಯಾಕೆ ಅಂಜಿಕೆ, ನಿಖರವಾಗಿ ಯಾವುದಕ್ಕೆ, ಏನು ಗೊತ್ತಿದೆ, ಅದು ಬಂದರೆ ಏನು ಹೇಳುತ್ತೀ. ಅವಳ ಕೈ ಇನ್ನೂ ತಣ್ಣಗೇ ಇರಬಹುದು. ಆದರೆ ತಲೆಯೊಳಗಿನ ಮಾತು ಸುತ್ತುವುದು ನಿಂತು ಮುಂದೆ ಹೋಗಿದೆ.

"ನೀನು" ಅನ್ನಬೇಕಾ, "ಆಕಿ", "ಅವ" ಅನ್ನಬೇಕಾ?

ಕ್ರಾಸ್ ಅವರ ಅಧ್ಯಯನಗಳಲ್ಲಿ ಎರಡನ್ನೂ ಬಳಸಿದ್ದಾರೆ. ನನ್ನ ಅಭಿಪ್ರಾಯ ಮೇಲಿನ ಉದಾಹರಣೆಯಲ್ಲೇ ಇದೆ. ಕಾರಣ ಹುಡುಕುವಾಗ "ಆಕಿ", "ಅವ" ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ದೂರ ಜಾಸ್ತಿ ಸಿಗುತ್ತದೆ. ಏನು ಮಾಡಬೇಕು ಅಂತ ಹೇಳಿಕೊಳ್ಳುವಾಗ "ನೀನು" ಚೆನ್ನಾಗಿ ಹೊಂದುತ್ತದೆ.

ಒಂದು ವಿಷಯಕ್ಕೆ ಮಾತ್ರ ಗಮನ ಕೊಡಿ. ಕನ್ನಡದಲ್ಲಿ "ನಾನು" ಅನ್ನೋದನ್ನು ಬಿಟ್ಟರೂ ಅದು ಕ್ರಿಯಾಪದದ ಬಾಲದಲ್ಲಿ ಉಳಿದುಬಿಡುತ್ತದೆ. "ಸವಿತಾ, ಹೆಂಗ ಹೇಳ್ಲಿ?" ಅಂದರೆ ಹೆಸರು ಬಂತು, ಆದರೆ "ಹೇಳ್ಲಿ" ಅನ್ನೋದರಲ್ಲಿ "ನಾನು" ಕೂತೇ ಇದೆ. ಅವಸರದಲ್ಲಿ ತುಂಬಾ ಜನ ಹೀಗೇ ಅಂದುಕೊಂಡು "ನನಗೇನೂ ಆಗಲಿಲ್ಲ" ಅನ್ನುತ್ತಾರೆ. "ಸವಿತಾ ಹೆಂಗ ಹೇಳ್ಬೇಕು?" ಅಥವಾ "ಸವಿತಾ, ನೀ ಹೆಂಗ ಹೇಳ್ತಿ?" ಅಂತ ಕೊನೆಯವರೆಗೂ ತಿರುಗಿಸಿ.

ಜೋರಾಗಿ ಹೇಳಬೇಕಾ? ಇಂಗ್ಲಿಷ್‌ನಲ್ಲಿ ಹೇಳಬೇಕಾ?

ಜೋರಾಗಿ ಬೇಡ, ಮನಸ್ಸಿನಲ್ಲೇ ಸಾಕು. ಅಧ್ಯಯನಗಳಲ್ಲೂ ಒಳಗೊಳಗೇ ಯೋಚಿಸಲು ಹೇಳಿದ್ದರು. ಭಾಷೆ ನಿಮ್ಮ ಮನೆಯದ್ದೇ ಇರಲಿ. ವೈವಾ ಇಂಗ್ಲಿಷ್‌ನಲ್ಲಿ ಇದ್ದರೂ ಅಂಜಿಕೆಯ ವಿಚಾರಣೆ ಊರಿನ ಕನ್ನಡದಲ್ಲಿ ಮಾಡಿ. ಪರೀಕ್ಷಕರಿಗೆ ಹೇಳಬೇಕಾದ ಆ ಒಂದು ವಾಕ್ಯವನ್ನು ಮಾತ್ರ ಇಂಗ್ಲಿಷ್‌ನಲ್ಲಿ ತಯಾರು ಮಾಡಿಕೊಳ್ಳಿ. ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ಮಾತಾಡುವವರು ಮರಾಠಿಯಲ್ಲೇ ಕೇಳಿಕೊಳ್ಳಬಹುದು.

ನನ್ನ ಹೆಸರು ಹೇಳಿಕೊಂಡ ಕೂಡ್ಲೇ ಬೈಗುಳ ಬರುತ್ತೆ. ಏನ್ ಮಾಡ್ಲಿ?

ಇದನ್ನು ತುಂಬಾ ಜನ ನನ್ನ ಹತ್ತಿರ ಕೇಳುತ್ತಾರೆ. ಇದಕ್ಕೆ ಕಾರಣವೂ ಇದೆ. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಕರೆಯುವಾಗ ಅವ್ವಿ, ತಮ್ಮಾ, ಪುಟ್ಟಿ ಅನ್ನುತ್ತಾರೆ. ಸಿಟ್ಟು ಬಂದಾಗ ಪೂರ್ತಿ ಹೆಸರು ಹಿಡಿದು ಕೂಗುತ್ತಾರೆ. ಹಾಗಾಗಿ ಕೆಲವರಿಗೆ ತಮ್ಮ ಹೆಸರು ಮನಸ್ಸಿನಲ್ಲಿ ಬಂದರೆ ಅದರ ಹಿಂದೆಯೇ "ನಿನಗ ಬುದ್ಧಿ ಎಲ್ಲೈತಿ?" ಅನ್ನೋದೂ ಬರುತ್ತದೆ.

ಆಗ ಮಾತಿನಲ್ಲಿ "ನಾನು" ಇಲ್ಲದಿದ್ದರೂ ದೂರ ಸಿಕ್ಕಿರುವುದಿಲ್ಲ. ಬೈಯುವವರೂ ಬೈಸಿಕೊಳ್ಳುವವರೂ ನೀವೇ ಆಗಿರುತ್ತೀರಿ. ಇದನ್ನು ಗುರುತಿಸುವುದು ಸುಲಭ. ನೀವು ಅಂದುಕೊಂಡ ವಾಕ್ಯವನ್ನು ಗೆಳತಿಗೆ ಮುಖ ಕೊಟ್ಟು ಹೇಳಬಲ್ಲಿರಾ ನೋಡಿ. "ಸವಿತಾ, ನೀ ವರ್ಷಪೂರ್ತಿ ಏನ್ ಮಾಡಿದಿ?" ಅಂತ ಬಾಗಿಲಲ್ಲಿ ನಡುಗುತ್ತಾ ನಿಂತವಳಿಗೆ ಯಾರೂ ಕೇಳುವುದಿಲ್ಲ. ಕೇಳಬಾರದ್ದನ್ನು ನಿಮಗೂ ಕೇಳಿಕೊಳ್ಳಬೇಡಿ.

ಸರಿಪಡಿಸಲು ಎರಡು ದಾರಿ. ಪೂರ್ತಿ ಹೆಸರಿನ ಬದಲು ನಿಮ್ಮನ್ನು ಇಷ್ಟಪಡುವವರು ಕರೆಯುವ ಹೆಸರು ಬಳಸಿ. ಮನೆಯಲ್ಲಿ "ಸವಿ" ಅಂದರೆ "ಸವಿ" ಅನ್ನಿ. ಇಲ್ಲವೇ ನಿಮ್ಮ ಮೇಲೆ ನಂಬಿಕೆ ಇರುವ ಒಬ್ಬರನ್ನು ನೆನೆಸಿಕೊಳ್ಳಿ. ಅಕ್ಕ, ಅಜ್ಜಿ, ಸೋದರಮಾವ, ಯಾರಾದರೂ ಸರಿ. ಅವರು ಈ ಪ್ರಶ್ನೆಯನ್ನು ಹೇಗೆ ಕೇಳುತ್ತಿದ್ದರೋ ಅದೇ ದನಿಯಲ್ಲಿ ಕೇಳಿಕೊಳ್ಳಿ. "ಯಾಕವ್ವಾ ಸವಿ, ಯಾವುದಕ್ಕ ಅಂಜಿ?" ಅನ್ನುವ ದನಿಗೆ ಉತ್ತರ ಕೊಡಬೇಕು ಅನ್ನಿಸುತ್ತದೆ. ಬೈಗುಳಕ್ಕೆ ಮುದುಡಬೇಕು ಅನ್ನಿಸುತ್ತದೆ.

ಹೊರಗಿನಿಂದ ನೋಡೋದು ಅಂದ್ರೆ, ಪರೀಕ್ಷಕರಿಗೆ ನಾನು ಹೇಗೆ ಕಾಣ್ತೀನಿ ಅಂತ ನೋಡೋದಾ?

ಅಲ್ಲ. ಇಲ್ಲಿ ಎಡವಿದರೆ ಲಾಭದ ಬದಲು ನಷ್ಟವೇ ಆಗುತ್ತದೆ.

ಜನರ ಮುಂದೆ ತುಂಬಾ ಅಂಜುವವರು ಆಗಲೇ ತಮ್ಮನ್ನು ಹೊರಗಿನಿಂದ ನೋಡಿಕೊಳ್ಳುತ್ತಿರುತ್ತಾರೆ. ಮುಖ ಕೆಂಪಾಗಿದೆ, ದನಿ ನಡುಗುತ್ತಿದೆ, ಬೆವರು ಕಾಣುತ್ತಿದೆ ಅಂತ ತಮ್ಮದೇ ಚಿತ್ರವೊಂದನ್ನು ಮನಸ್ಸಿನಲ್ಲಿ ಓಡಿಸುತ್ತಿರುತ್ತಾರೆ. ಆ ಚಿತ್ರ ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಅಂಜಿಕೆ ಇಳಿಯದಿರಲು ಇದೂ ಒಂದು ದೊಡ್ಡ ಕಾರಣ ಅಂತ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನೋವಿಜ್ಞಾನಿಗಳು 1995ರಲ್ಲೇ ವಿವರಿಸಿದ್ದಾರೆ.

ಎರಡೂ "ಹೊರಗಿನ ನೋಟ" ಅನ್ನಿಸಿದರೂ ಕೇಳುವ ಪ್ರಶ್ನೆ ಬೇರೆ. "ಸವಿತಾ ಹೆಂಗ ಕಾಣಾಕತ್ತಾಳ?" ಅನ್ನೋದು ತಪ್ಪು ಪ್ರಶ್ನೆ, ಅದು ತೀರ್ಪುಗಾರರ ಕಣ್ಣು. "ಸವಿತಾಗ ಯಾಕ ಹಿಂಗ ಆಗಾಕತ್ತೈತಿ?" ಅನ್ನೋದು ಸರಿಯಾದ ಪ್ರಶ್ನೆ, ಅದು ಪಕ್ಕದಲ್ಲಿ ಕೂತ ಗೆಳತಿಯ ಕಣ್ಣು. ನಿಮ್ಮ ಮಾತಿನಲ್ಲಿ ಮುಖ, ಕೈ, ದನಿ, ಬಟ್ಟೆ ಬರಲು ಶುರುವಾದರೆ ದಾರಿ ತಪ್ಪಿದೆ ಅಂತ ತಿಳಿಯಿರಿ. ತಕ್ಷಣ "ಯಾವುದಕ್ಕೆ?" ಅನ್ನುವ ಎರಡನೇ ಪ್ರಶ್ನೆಗೆ ಮರಳಿ ಬನ್ನಿ.

ಎಲ್ಲಾ ಮಾಡಿದ್ರೂ ಎದೆ ಬಡ್ಕೊಳ್ಳೋದು ನಿಲ್ಲಲಿಲ್ಲ. ತಪ್ಪು ಮಾಡಿದೆನಾ?

ಇಲ್ಲ. ಮುಖ್ಯವಾದ ಕೆಲಸದ ಮುಂದೆ ಎದೆ ಜೋರಾಗಿ ಬಡಿದುಕೊಳ್ಳುವುದು ದೇಹ ತಯಾರಾಗುವ ರೀತಿ. ಅದು ಪೂರ್ತಿ ನಿಲ್ಲಬೇಕು ಅಂತ ಕಾಯುತ್ತಾ ಕೂತರೆ ಮತ್ತೊಂದು ಭಯ ಸೇರಿಕೊಳ್ಳುತ್ತದೆ. ಎದೆಬಡಿತ ನೋಡಬೇಡಿ, ಮನಸ್ಸಿನ ಮಾತು ನೋಡಿ. ಕ್ರಾಸ್ ಅವರ ಅಧ್ಯಯನಗಳಲ್ಲಿ ಹೆಸರು ಬಳಸಿದವರು ಮುಂದಿನ ಕೆಲಸವನ್ನು ಅಪಾಯ ಅಂತ ನೋಡುವುದಕ್ಕಿಂತ ನಿಭಾಯಿಸಬಹುದಾದ ಸವಾಲು ಅಂತ ನೋಡಿದರು. ನೀವು ಹುಡುಕಬೇಕಾದ ಬದಲಾವಣೆ ಅದೇ. "ಮುಗೀತು ಕಥಿ" ಅನ್ನುತ್ತಿದ್ದ ಮನಸ್ಸು "ಇದನ್ನ ಕೇಳಿದ್ರ ಹಿಂಗ ಹೇಳೋದು" ಅನ್ನುತ್ತಿದೆಯಾ? ಹಾಗಿದ್ದರೆ ಕೆಲಸ ಆಗಿದೆ.

ಉಸಿರು ತೀರಾ ಮೇಲೆ ಮೇಲೆ ಬರುತ್ತಿದ್ದರೆ ಮೊದಲು ನಾಲ್ಕೈದು ಸಲ ನಿಧಾನಕ್ಕೆ ಉಸಿರು ಬಿಡಿ, ಒಳಗೆ ಎಳೆದದ್ದಕ್ಕಿಂತ ಸ್ವಲ್ಪ ಉದ್ದವಾಗಿ. ಆಮೇಲೆ ಪ್ರಶ್ನೆ ಶುರು ಮಾಡಿ.

ಒಳಗೆ ಹೋದ ಮೇಲೂ ಹೀಗೇ ಮಾತಾಡಿಕೊಳ್ಳಬೇಕಾ?

ಬೇಡ. ಒಳಗೆ ಹೋದ ಮೇಲೆ ಕಿವಿ ಪರೀಕ್ಷಕರ ಪ್ರಶ್ನೆಯ ಮೇಲೆ ಇರಬೇಕು. ನಡುವೆ ತಲೆ ಖಾಲಿಯಾದರೆ ಒಂದೇ ಒಂದು ಮಾತು ಅಂದುಕೊಳ್ಳಿ: "ಸವಿತಾ, ಪ್ರಶ್ನಿ ಇನ್ನೊಮ್ಮೆ ಕೇಳು." ಆಮೇಲೆ ನಿಜವಾಗಿ ಬಾಯಿಬಿಟ್ಟು "ಸರ್, ಪ್ರಶ್ನೆ ಇನ್ನೊಮ್ಮೆ ಹೇಳ್ತೀರಾ?" ಅಂತ ಕೇಳಿ. ಯಾವ ಪರೀಕ್ಷಕರೂ ಇದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ವೈವಾ ಇನ್ನೂ ಒಂದು ವಾರ ಇದೆ, ಈಗಲೇ ನಿದ್ದೆ ಬರ್ತಿಲ್ಲ. ಈಗಲೂ ಮಾಡಬಹುದಾ?

ಮಾಡಬಹುದು. ಜೊತೆಗೆ ಇನ್ನೊಂದು ರೀತಿಯ ದೂರ ಇಲ್ಲಿ ಚೆನ್ನಾಗಿ ಒದಗುತ್ತದೆ. ಅದು ಕಾಲದ ದೂರ. "ಇವತ್ತಿನ ಈ ಚಿಂತೆ ಹತ್ತು ವರ್ಷ ಕಳೆದ ಮೇಲೆ ಸವಿತಾಗೆ ಹೇಗೆ ಅನ್ನಿಸುತ್ತದೆ?" ಅಂತ ಕೇಳಿಕೊಳ್ಳುವುದು. ಎಮ್ಮಾ ಬ್ರೂಲ್ಮನ್-ಸೆನೆಕಲ್ ಮತ್ತು ಓಝ್ಲೆಮ್ ಐಡುಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಹೀಗೆ ದೂರದ ಮುಂದಿನ ದಿನ ಊಹಿಸಿಕೊಂಡವರಿಗೆ, ಹತ್ತಿರದ ದಿನ ಊಹಿಸಿಕೊಂಡವರಿಗಿಂತ ಸಂಕಟ ಕಡಿಮೆಯಾಯಿತು. ಈ ಕಷ್ಟ ಶಾಶ್ವತವಲ್ಲ ಅನ್ನೋದು ಮನಸ್ಸಿಗೆ ಬರುವುದೇ ಮುಖ್ಯ ಕಾರಣ.

ರಾತ್ರಿ ಹಾಸಿಗೆಯಲ್ಲಿ ಇದು ಒಳ್ಳೆಯದು. ಬಾಗಿಲ ಹೊರಗೆ ನಿಂತಾಗ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಹತ್ತು ವರ್ಷದ ಮಾತಿಗಿಂತ ಹತ್ತು ನಿಮಿಷದ ಮಾತು ಬೇಕು. ಮತ್ತೆ, ಹಗಲು ಹೊತ್ತಿನಲ್ಲಿ "ಹತ್ತು ವರ್ಷ ಆದ್ಮೇಲೆ ಇದೆಲ್ಲಾ ಯಾರಿಗೆ ನೆನಪಿರುತ್ತೆ" ಅಂತ ಪುಸ್ತಕ ಮುಚ್ಚಿದರೆ ಅದು ಕೆಲಸ ತಪ್ಪಿಸಿಕೊಳ್ಳಲು ನೆಪ ಆಗುತ್ತದೆ.

ನಾನು ಓದೇ ಇಲ್ಲ. ಆಗಲೂ ಉಪಯೋಗ ಆಗುತ್ತಾ?

ಗೊತ್ತಿಲ್ಲದ್ದನ್ನು ಇದು ಗೊತ್ತು ಮಾಡಿಸುವುದಿಲ್ಲ. ಗೊತ್ತಿರುವುದು ಬಾಯಿಗೆ ಬರುವಂತೆ ಮಾಡುತ್ತದೆ, ಅಷ್ಟೇ. ಆದರೆ "ಏನೂ ಓದಿಲ್ಲ" ಅನ್ನುವವರಲ್ಲಿ ಎಷ್ಟೋ ಜನ ಎರಡನೇ ಪ್ರಶ್ನೆ ಕೇಳಿಕೊಂಡೇ ಇರುವುದಿಲ್ಲ. ಯಾವುದು ಓದಿಲ್ಲ ಅಂತ ಬರೆದು ನೋಡಿ. ಪಟ್ಟಿ ಅಂದುಕೊಂಡದ್ದಕ್ಕಿಂತ ಸಣ್ಣದಿರುತ್ತದೆ.

ವೈವಾ ಮುಗೀತು, ಆದ್ರೆ ರಾತ್ರಿಯೆಲ್ಲ "ಅದನ್ನ ಹಾಗ ಹೇಳಬಾರದಿತ್ತು" ಅಂತ ಕೊರಗು.

ಇಲ್ಲೂ ಅದೇ ವಿಧಾನ. ಕೊರಗು ಯಾವಾಗಲೂ ಒಳಗಿಂದ ನಡೆಯುತ್ತದೆ. ಆ ಕೋಣೆ, ಆ ಕುರ್ಚಿ, ಪರೀಕ್ಷಕರ ಹುಬ್ಬು ಗಂಟಿಕ್ಕಿದ್ದು, ಎಲ್ಲಾ ಮತ್ತೆ ಅನುಭವಿಸುತ್ತೀರಿ. ಅದರ ಬದಲು ಸ್ವಲ್ಪ ಹಿಂದೆ ಸರಿದು, ಕೋಣೆಯ ಮೂಲೆಯಿಂದ ನೋಡಿದ ಹಾಗೆ ನೆನೆಸಿಕೊಂಡು ಕೇಳಿ: "ಸವಿತಾ ಆ ಹೊತ್ತಿಗೆ ಯಾಕ ಹಂಗ ಹೇಳಿದ್ಲು?" ಬಹುಶಃ ಪ್ರಶ್ನೆ ಸರಿಯಾಗಿ ಕೇಳಿಸಿರಲಿಲ್ಲ. ಬಹುಶಃ ಆ ಪದದ ಅರ್ಥ ಗೊತ್ತಿರಲಿಲ್ಲ. ಕ್ರಾಸ್, ಐಡುಕ್ ಮತ್ತು ವಾಲ್ಟರ್ ಮಿಷೆಲ್ 2005ರಲ್ಲಿ ತೋರಿಸಿದ ಹಾಗೆ "ಯಾಕೆ" ಅನ್ನುವ ಪ್ರಶ್ನೆ ದೂರದಿಂದ ಕೇಳಿದಾಗ ಅರ್ಥ ಕೊಡುತ್ತದೆ, ಒಳಗೇ ಮುಳುಗಿ ಕೇಳಿದಾಗ ಗಾಯ ಕೆದಕುತ್ತದೆ. ಕಾರಣ ಒಂದು ಸಿಕ್ಕ ಮೇಲೆ ಸಾಕು ಮಾಡಿ. ಹತ್ತನೇ ಸಲ ಅದೇ ದೃಶ್ಯ ಓಡಿಸುತ್ತಿದ್ದರೆ, ಹೆಸರು ಹಿಡಿದು ಕೇಳಿದರೂ ಅದು ಕೊರಗೇ.

ಯಾರಿಗೆ ಇದು ಸಾಲುವುದಿಲ್ಲ?

ಪರೀಕ್ಷೆ ಇಲ್ಲದಾಗಲೂ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿ, ಜೀವವೇ ಹೋಗುತ್ತದೆ ಅನ್ನಿಸುವಷ್ಟು ಭಯ ಬರುವವರಿಗೆ. ಅಂಜಿಕೆಗೆ ಕಾಲೇಜು ಬಿಟ್ಟು ಮನೆಯಲ್ಲೇ ಕೂತವರಿಗೆ. ಹಿಂದೆ ನಡೆದ ದೊಡ್ಡ ಆಘಾತ ಮತ್ತೆ ಮತ್ತೆ ಕಣ್ಣಮುಂದೆ ಬರುವವರಿಗೆ. "ನಾನು ನಾನೇ ಅಲ್ಲ, ಎಲ್ಲಾ ಕನಸಿನಂತೆ ದೂರ" ಅಂತ ಆಗಾಗ ಅನ್ನಿಸುವವರು ಇದನ್ನು ತಾವಾಗಿ ಮಾಡುವುದು ಬೇಡ. ಅವರಿಗೆ ದೂರ ಆಗಲೇ ಜಾಸ್ತಿಯಾಗಿದೆ. ಇವರೆಲ್ಲ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಲಿ. ಎದ್ದು ಹೋಗಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಚಿಕ್ಕ ತಮ್ಮ ಇದ್ದಾನೆ. ಅವನಿಗೂ ಕಲಿಸಬಹುದಾ?

ಸಣ್ಣ ಮಕ್ಕಳಿಗೆ ಇದರ ಇನ್ನೊಂದು ರೂಪ ಇದೆ. ರೇಚಲ್ ವೈಟ್ ಮತ್ತು ಜೊತೆಗಾರರು 2017ರಲ್ಲಿ 4 ಮತ್ತು 6 ವರ್ಷದ ಮಕ್ಕಳಿಗೆ ಬೇಜಾರಿನ ಒಂದು ಕೆಲಸ ಕೊಟ್ಟು, ಪಕ್ಕದಲ್ಲೇ ಆಡಲು ಆಟವನ್ನೂ ಇಟ್ಟರು. "ನಾನು ಕಷ್ಟಪಟ್ಟು ಮಾಡ್ತಿದ್ದೀನಾ?" ಅಂತ ಕೇಳಿಕೊಂಡ ಮಕ್ಕಳು ಬೇಗ ಬಿಟ್ಟರು. ತಮ್ಮ ಹೆಸರಿನಿಂದ ಕೇಳಿಕೊಂಡವರು ಇನ್ನಷ್ಟು ಹೊತ್ತು ಮಾಡಿದರು. ಬ್ಯಾಟ್‌ಮನ್‌ನಂಥ ಪಾತ್ರದ ವೇಷ ಹಾಕಿ, "ಬ್ಯಾಟ್‌ಮನ್ ಕಷ್ಟಪಟ್ಟು ಮಾಡ್ತಿದ್ದಾನಾ?" ಅಂತ ಕೇಳಿಕೊಂಡವರು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತರು. ಅದು ಭಯದ ಪ್ರಯೋಗವಲ್ಲ, ಬಿಡದೆ ಕೂರುವುದರ ಪ್ರಯೋಗ. ಅದಕ್ಕೇ ಮಗ್ಗಿ ಬರೆಯಲು, ಕಾಪಿ ಬರೆಯಲು ಹೊಂದುತ್ತದೆ.

ನಮ್ಮ ಕಡೆ ಬ್ಯಾಟ್‌ಮನ್ನೇ ಆಗಬೇಕು ಅಂತಿಲ್ಲ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣನ ವೇಷ ಶಾಲೆಯಲ್ಲಿ ಹಾಕಿದ ಮಕ್ಕಳು ಎಷ್ಟೋ ಇದ್ದಾರೆ. ತಲೆಗೆ ಒಂದು ಟವೆಲ್ ಸುತ್ತಿ ರುಮಾಲು ಮಾಡಿಕೊಡಿ. ನಡುನಡುವೆ "ರಾಯಣ್ಣ ಎಲ್ಲೀತನ ಬರದ?" ಅಂತ ಕೇಳುತ್ತಿರಿ. ಅವನು "ಹನ್ನೆರಡರ ಮಗ್ಗಿ ಮುಗಿಸ್ಯಾನ" ಅಂತ ತನ್ನ ಬಗ್ಗೆಯೇ ಹೇಳಲು ಶುರು ಮಾಡಿದರೆ ಸಾಕು, ನೀವು ಎದ್ದು ನಿಮ್ಮ ಕೆಲಸಕ್ಕೆ ಹೋಗಬಹುದು.